ಹೌಸ್‌ಕೀಪಿಂಗ್ ಸೂಪರ್‌ವೈಸರ್ ಬೇಕಾಗಿದ್ದಾರೆ: ಕಾರವಾರದ ಒಂದು ಜಾಹೀರಾತನ್ನು ತಿದ್ದುತ್ತಾ

ಕಾರವಾರದಲ್ಲಿ ಮೂವತ್ತಾರು ಕೋಣೆಗಳ ಹೋಟೆಲ್ ನಡೆಸುತ್ತಿರುವ ಪರಿಚಿತರೊಬ್ಬರು ಉದ್ಯೋಗದ ಜಾಹೀರಾತಿನ ಕರಡೊಂದನ್ನು ನನಗೆ ಕಳಿಸಿದ್ದರು. ಹೌಸ್‌ಕೀಪಿಂಗ್ ವಿಭಾಗದಲ್ಲಿ ಬಹುಕಾಲ ದುಡಿದವಳೆಂಬ ಕಾರಣಕ್ಕೆ ಅದನ್ನೊಮ್ಮೆ ನೋಡಿಕೊಡಬೇಕೆಂದು ಕೇಳಿದ್ದರು. ಕರಡಿನಲ್ಲಿ ಇದ್ದದ್ದು ಇಷ್ಟೇ: ಹೌಸ್‌ಕೀಪಿಂಗ್ ಸೂಪರ್‌ವೈಸರ್ ಬೇಕಾಗಿದ್ದಾರೆ, ಇಂಗ್ಲಿಷ್‌ನಲ್ಲಿ ನಿರರ್ಗಳವಾಗಿ ಮಾತನಾಡಬೇಕು, ಯಾವುದೇ ಪಾಳಿಯಲ್ಲಿ ಕೆಲಸ ಮಾಡಲು ಸಿದ್ಧರಿರಬೇಕು, ಅಗತ್ಯವಿದ್ದಾಗ ಕೋಣೆಗಳನ್ನು ಶುಚಿಗೊಳಿಸಬೇಕು, ಅನುಭವವಿದ್ದವರಿಗೆ ಆದ್ಯತೆ, ಆಕರ್ಷಕ ಸಂಬಳ. ಇದೇ ಬಗೆಯ ಜಾಹೀರಾತನ್ನು ಅವರು ಹಿಂದೆಯೂ ಹಾಕಿದ್ದರು. ಆಗ ಅರ್ಜಿ ಹಾಕಿದವರಲ್ಲಿ ಹೆಚ್ಚಿನವರು ಆಗತಾನೇ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ ಹುಡುಗರು. ಕೆಲಸಕ್ಕೆ ಸೇರಿದವರೂ ಗೋವಾದಲ್ಲಿ ಅವಕಾಶ ಸಿಕ್ಕ ಕೂಡಲೇ ಹೊರಟುಹೋದರು. ಆದರೆ ಕಾರವಾರ, ಸದಾಶಿವಗಡ, ಮಾಜಾಳಿ, ಅಂಕೋಲೆಯ ಕಡೆ ವರ್ಷಗಟ್ಟಲೆ ಕೋಣೆ ಶುಚಿ ಮಾಡಿ ಈ ಕೆಲಸದ ಒಳಹೊರಗನ್ನು ಬಲ್ಲ ಹೆಂಗಸರಲ್ಲಿ ಒಬ್ಬರೂ ಅರ್ಜಿ ಹಾಕಿರಲಿಲ್ಲ.

ಅವರೇಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಆ ಜಾಹೀರಾತಿನಲ್ಲೇ ಇತ್ತು ಎಂದು ನನಗೆ ಅನ್ನಿಸುತ್ತದೆ. ಇಂಗ್ಲಿಷ್‌ನಲ್ಲಿ ನಿರರ್ಗಳ ಎಂಬ ಸಾಲು ಅವರನ್ನು ಬಾಗಿಲಲ್ಲೇ ತಡೆಯಿತು, ಯಾವುದೇ ಪಾಳಿ ಎಂಬ ಸಾಲು ಉಳಿದವರನ್ನೂ ಹಿಂದೆ ಕಳಿಸಿತು. ಈ ಎರಡೂ ಸಾಲುಗಳು ಆ ಹೋಟೆಲಿನ ನಿತ್ಯದ ಕೆಲಸವನ್ನು ನೋಡಿ ಬರೆದವುಗಳಲ್ಲ. ದೊಡ್ಡ ಊರುಗಳ ದೊಡ್ಡ ಹೋಟೆಲುಗಳ ಜಾಹೀರಾತಿನಿಂದ ಎತ್ತಿಕೊಂಡವು. ಆದ್ದರಿಂದ ಕರಡನ್ನು ಬದಿಗಿಟ್ಟು, ಅವರ ಹೋಟೆಲಿನ ಒಂದು ಭಾನುವಾರವನ್ನು ಕಾಗದದ ಮೇಲೆ ಬರೆದು, ಅದರಿಂದಲೇ ಜಾಹೀರಾತಿನ ಒಂದೊಂದು ಸಾಲನ್ನೂ ಹೊರಡಿಸೋಣವೆಂದು ನಾನು ಹೇಳಿದೆ.

ಭಾನುವಾರವನ್ನೇ ಆಯ್ದುಕೊಳ್ಳಲು ಕಾರಣವಿದೆ. ಕಾರವಾರಕ್ಕೆ ಹುಬ್ಬಳ್ಳಿ, ಬೆಳಗಾವಿ, ಗೋವಾದ ಕಡೆಯಿಂದ ಬರುವ ಕುಟುಂಬಗಳು ಶುಕ್ರವಾರ ಸಂಜೆ ಅಥವಾ ಶನಿವಾರ ಬಂದು, ಟ್ಯಾಗೋರ್ ಕಡಲತೀರದಲ್ಲಿ ಒಂದು ಸಂಜೆ ಕಳೆದು, ಭಾನುವಾರ ಹೊರಡುತ್ತವೆ. ಅಂಥ ಒಂದು ಭಾನುವಾರ ಇಪ್ಪತ್ತು ಕೋಣೆಗಳು ಖಾಲಿಯಾಗುತ್ತವೆ, ಎಂಟು ಕೋಣೆಗಳಲ್ಲಿ ಅತಿಥಿಗಳು ಉಳಿಯುತ್ತಾರೆ ಎಂದುಕೊಳ್ಳೋಣ. ಖಾಲಿಯಾದ ಕೋಣೆಯನ್ನು ಹಾಸಿಗೆ ಬಿಚ್ಚುವುದರಿಂದ ಹಿಡಿದು ಬಚ್ಚಲಿನ ಜಾಲರಿ ತಿಕ್ಕುವವರೆಗೆ ಪೂರ್ತಿ ಸಿದ್ಧಗೊಳಿಸಲು ಪಳಗಿದ ಕೈಗೆ ಸುಮಾರು 40 ನಿಮಿಷ ಬೇಕು. ಅತಿಥಿ ಇರುವ ಕೋಣೆಗೆ 20 ನಿಮಿಷ ಸಾಕು. ಅಲ್ಲಿಗೆ 800 ಮತ್ತು 160 ಸೇರಿ 960 ನಿಮಿಷದ ಕೆಲಸವಾಯಿತು. ಒಬ್ಬ ಕೆಲಸಗಾರ್ತಿಯ ಎಂಟು ತಾಸಿನ ದುಡಿಮೆಯಲ್ಲಿ ಬೆಳಿಗ್ಗೆ ಟ್ರಾಲಿ ತುಂಬಿಸುವುದಕ್ಕೆ ಮತ್ತು ಸಂಜೆ ಲೆಕ್ಕ ಒಪ್ಪಿಸುವುದಕ್ಕೆ ಒಂದು ತಾಸು ಹೋದರೆ ಉಳಿಯುವುದು 420 ನಿಮಿಷ. ಮೂವರಿದ್ದರೆ 1260 ನಿಮಿಷ ಸಿಗುತ್ತದೆ. ಕಾಗದದ ಮೇಲೆ ಕೆಲಸ ಆರಾಮವಾಗಿ ಮುಗಿಯಬೇಕು.

ಆದರೆ ಭಾನುವಾರದ ತೊಡಕು ಒಟ್ಟು ನಿಮಿಷಗಳಲ್ಲಿಲ್ಲ, ಆ ನಿಮಿಷಗಳು ಬಂದು ಬೀಳುವ ಹೊತ್ತಿನಲ್ಲಿದೆ. ಚೆಕ್‌ಔಟ್ ಹನ್ನೊಂದಕ್ಕೆ, ಹೊಸಬರ ಚೆಕ್‌ಇನ್ ಒಂದಕ್ಕೆ ಎಂದು ಹೋಟೆಲಿನ ಫಲಕ ಹೇಳುತ್ತದೆ. ಯಾರೋ ಒಬ್ಬಿಬ್ಬರು ಬೆಳಿಗ್ಗೆ ಎಂಟಕ್ಕೇ ಹೊರಡಬಹುದು, ಆದರೆ ಹೆಚ್ಚಿನವರು ಉಪಾಹಾರ ಮುಗಿಸಿ ಕೀಲಿ ಕೊಡುವಾಗ ಹನ್ನೊಂದಾಗಿರುತ್ತದೆ. ನಡುವೆ ಇರುವುದು 120 ನಿಮಿಷ. ಅಷ್ಟರಲ್ಲಿ ಒಬ್ಬಳಿಂದ ಮೂರು ಕೋಣೆ, ಮೂವರಿಂದ ಒಂಬತ್ತು ಕೋಣೆ. ಉಳಿದ ಹನ್ನೊಂದು ಕೋಣೆಗಳು ಒಂದು ಗಂಟೆಗೆ ಇನ್ನೂ ಹಾಗೆಯೇ ಬಿದ್ದಿರುತ್ತವೆ. ನಡುವೆ ಯಾರೂ ಊಟಕ್ಕೆ ಏಳದಿದ್ದರೂ ಕೊನೆಯ ಕೋಣೆ ಸಿದ್ಧವಾಗುವಾಗ ಸುಮಾರು ಮೂರೂವರೆ ಆಗುತ್ತದೆ.

ಸೂಪರ್‌ವೈಸರ್ ಎಂಬ ಹುದ್ದೆ ಇರುವುದೇ ಈ ಇಕ್ಕಟ್ಟಿಗಾಗಿ. ಯಾವ ಒಂಬತ್ತು ಕೋಣೆಗಳನ್ನು ಮೊದಲು ಮುಗಿಸಬೇಕು, ಯಾವ ಕುಟುಂಬ ಹಸುಗೂಸಿನೊಂದಿಗೆ ಬೇಗ ಬರುತ್ತಿದೆ, ಯಾವ ಕೋಣೆಯ ಬುಕಿಂಗ್ ಸಂಜೆಯದ್ದು ಎಂಬುದನ್ನು ಬೆಳಿಗ್ಗೆಯೇ ರಿಸೆಪ್ಷನ್ನಿನವರೊಂದಿಗೆ ಕುಳಿತು ಗುರುತಿಸಿಕೊಂಡು ಕೆಲಸ ಹಂಚಬೇಕು. ಸಿದ್ಧವಾದ ಕೋಣೆಯನ್ನು ಸ್ವತಃ ನೋಡಿದ ಮೇಲಷ್ಟೇ ಕಂಪ್ಯೂಟರಿನಲ್ಲಿ VD ಎಂದಿರುವುದನ್ನು VC ಎಂದು ಬದಲಿಸಲು ಹೇಳಬೇಕು. ಅಂದರೆ ಖಾಲಿಯಿದೆ ಆದರೆ ಶುಚಿಯಾಗಿಲ್ಲ ಎಂಬ ಕೋಣೆ, ಖಾಲಿಯೂ ಶುಚಿಯೂ ಆಗಿದೆ ಎಂದಾಗುವುದು ಸೂಪರ್‌ವೈಸರ್ ಮಾತಿನ ಮೇಲೆ. ಈ ತಪಾಸಣೆಗೆ ಕೋಣೆಗೆ ಆರು ನಿಮಿಷವೆಂದರೂ ಇಪ್ಪತ್ತು ಕೋಣೆಗೆ ಎರಡು ತಾಸು ಹೋಗುತ್ತದೆ. ಆದ್ದರಿಂದಲೇ ಕರಡಿನಲ್ಲಿದ್ದ ‘ಅಗತ್ಯವಿದ್ದಾಗ ಕೋಣೆಗಳನ್ನು ಶುಚಿಗೊಳಿಸಬೇಕು’ ಎಂಬ ಸಾಲು ನನಗೆ ಒಪ್ಪಿಗೆಯಾಗಲಿಲ್ಲ. ಅಗತ್ಯ ಎಂಬುದು ಪ್ರತಿ ಭಾನುವಾರ ಇದ್ದೇ ಇರುತ್ತದೆ. ಸೂಪರ್‌ವೈಸರ್ ಐದು ಕೋಣೆ ಶುಚಿ ಮಾಡಲು ನಿಂತರೆ 200 ನಿಮಿಷ ಅಲ್ಲೇ ಮುಗಿಯಿತು. ಆ ದಿನ ಇಪ್ಪತ್ತು ಕೋಣೆಗಳನ್ನು ಯಾರೂ ನೋಡಿರುವುದಿಲ್ಲ. ದಿನಕ್ಕೆ ಹೆಚ್ಚೆಂದರೆ ಎರಡು ಕೋಣೆ ಎಂದು ಮಿತಿ ಹಾಕಿ ಬರೆಯುವುದು ಮಾಲೀಕರಿಗೂ ಒಳ್ಳೆಯದು, ಬರುವವರಿಗೂ ಸ್ಪಷ್ಟ.

ತಪಾಸಣೆಯೆಂದರೆ ಬಾಗಿಲಲ್ಲಿ ನಿಂತು ಕಣ್ಣಾಡಿಸುವುದಲ್ಲ. ಬಾಗಿಲು ತೆರೆದ ಕೂಡಲೇ ಮೊದಲ ಉಸಿರಿನಲ್ಲೇ ವಾಸನೆಯನ್ನು ಗಮನಿಸಬೇಕು, ಏಕೆಂದರೆ ಸ್ವಲ್ಪ ಹೊತ್ತು ಒಳಗಿದ್ದರೆ ಮೂಗು ಆ ಮುಗ್ಗುಲಿಗೆ ಒಗ್ಗಿಕೊಳ್ಳುತ್ತದೆ, ಆಮೇಲೆ ಅತಿಥಿ ಬಂದು ಹೇಳಿದಾಗಲೇ ಗೊತ್ತಾಗುವುದು. ನಂತರ ಬಾಗಿಲಿನಿಂದ ಒಂದೇ ದಿಕ್ಕಿಗೆ ಸುತ್ತಿ ಬಂದರೆ ಯಾವ ಮೂಲೆಯೂ ತಪ್ಪುವುದಿಲ್ಲ. ಹಾಸಿಗೆಯ ಕಾಲ್ದೆಸೆಯಲ್ಲಿ ಅಂಗೈಯನ್ನು ಹೊದಿಕೆಯ ಕೆಳಗೆ ಸವರಿದರೆ ಕಡಲತೀರದ ಮರಳು ಉಳಿದಿದೆಯೇ ಎಂಬುದು ತಿಳಿಯುತ್ತದೆ. ಬಚ್ಚಲಿನಲ್ಲಿ ಒಂದು ಬಕೆಟ್ ನೀರು ಸುರಿದು ಅದು ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಬೇಕು. ನಿಧಾನವಾದರೆ ಜಾಲರಿಯ ಕೆಳಗೆ ಮರಳು, ಕೂದಲು ಕಟ್ಟಿಕೊಂಡಿದೆ ಎಂದೇ ಅರ್ಥ. ಮಂಚದ ಮೇಲೆ ಒಮ್ಮೆ ಕುಳಿತು ಮೇಲೆ ನೋಡಿದರೆ ಫ್ಯಾನಿನ ರೆಕ್ಕೆಯ ಧೂಳೂ, ಎ.ಸಿ.ಯ ಬಾಯಿಯಲ್ಲಿನ ಕಪ್ಪೂ ಕಾಣುತ್ತವೆ. ನಿಂತವರ ಕಣ್ಣಿಗೆ ಅವು ಬೀಳುವುದಿಲ್ಲ, ಮಲಗುವ ಅತಿಥಿಗೆ ಅವೇ ಮೊದಲು ಕಾಣುವುದು.

ಇನ್ನು ನಮ್ಮ ಕರಾವಳಿಗೇ ಸೇರಿದ ಎರಡು ಜವಾಬ್ದಾರಿಗಳನ್ನು ಯಾವ ಜಾಹೀರಾತಿನಲ್ಲೂ ನಾನು ಕಂಡಿಲ್ಲ. ಒಂದು ಮಳೆಗಾಲದ ಬಟ್ಟೆ. ಬೆಡ್‌ಶೀಟು, ದಿಂಬಿನ ಚೀಲ, ಟವೆಲುಗಳು ಒಂದು ಜೊತೆ ಕೋಣೆಯಲ್ಲಿ, ಒಂದು ಜೊತೆ ಒಗೆತದಲ್ಲಿ, ಒಂದು ಜೊತೆ ಕಪಾಟಿನಲ್ಲಿ ಹೀಗೆ ಕೋಣೆಗೆ ಮೂರು ಜೊತೆ ಇದ್ದರೆ ಸಾಕೆಂಬುದು ಸಾಮಾನ್ಯ ಲೆಕ್ಕ. ಮೂವತ್ತಾರು ಕೋಣೆಗೆ 108 ಜೊತೆ. ಬಟ್ಟೆ ಒಣಗಿಸುವ ಯಂತ್ರವಿಲ್ಲದ ಹೋಟೆಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಲೆಕ್ಕ ನಿಲ್ಲುವುದಿಲ್ಲ. ಜಡಿಮಳೆಯಲ್ಲಿ ಒಂದು ಬೆಡ್‌ಶೀಟ್ ಒಣಗಲು ಎರಡು ಮೂರು ದಿನ ಹಿಡಿದರೆ ಒಗೆತದಲ್ಲೇ ಮೂರು ಜೊತೆ ಸಿಕ್ಕಿಕೊಂಡಿರುತ್ತದೆ, ಕೋಣೆಗೆ ಐದು ಜೊತೆ ಬೇಕಾಗುತ್ತದೆ. ಅಷ್ಟು ಬಟ್ಟೆ ಇಲ್ಲದಿದ್ದರೆ ಅರೆ ಒಣಗಿದ್ದನ್ನೇ ಮಡಿಸಿ ಕಪಾಟಿಗೆ ಸೇರಿಸುವ ಒತ್ತಡ ಬರುತ್ತದೆ, ವಾರದೊಳಗೆ ಬೂಷ್ಟಿನ ಕಪ್ಪು ಚುಕ್ಕೆಗಳು ಮೂಡುತ್ತವೆ, ಆ ಚುಕ್ಕೆ ಒಗೆತಕ್ಕೆ ಸುಲಭವಾಗಿ ಬಿಡುವುದಿಲ್ಲ. ಬಟ್ಟೆ ನಿಜವಾಗಿ ಒಣಗಿದೆಯೇ ಎಂದು ತಿಳಿಯಲು ನಡುವಿನ ಭಾಗವನ್ನು ಮುಟ್ಟಿದರೆ ಪ್ರಯೋಜನವಿಲ್ಲ. ಅಂಚಿನ ದಪ್ಪ ಹೊಲಿಗೆಯನ್ನು ಮುಟ್ಟಬೇಕು, ಕೊನೆಗೆ ಒಣಗುವುದು ಅದೇ. ಮೇ ತಿಂಗಳಲ್ಲೇ ಎಷ್ಟು ಜೊತೆ ಬಟ್ಟೆ ಇದೆ ಎಂದು ಎಣಿಸಿ ಮಾಲೀಕರಿಗೆ ಲೆಕ್ಕ ಕೊಡುವ ಕೆಲಸ ಸೂಪರ್‌ವೈಸರ್‌ದ್ದು.

ಇನ್ನೊಂದು ನೀರಿನ ಕಬ್ಬಿಣ. ಚಿರೆಕಲ್ಲಿನ ನೆಲದ ಹಲವು ಬಾವಿಗಳ, ಬೋರ್‌ವೆಲ್ಲುಗಳ ನೀರಿನಲ್ಲಿ ಕಬ್ಬಿಣದ ಅಂಶವಿರುತ್ತದೆ. ಬಿಳಿ ಟವೆಲು ಹಳದಿಯಾಯಿತೆಂದು ಕೆಲಸದವರು ಇನ್ನಷ್ಟು ಬ್ಲೀಚ್ ಸುರಿಯುತ್ತಾರೆ. ಕ್ಲೋರಿನ್ ಬ್ಲೀಚ್ ನೀರಿನಲ್ಲಿ ಕರಗಿರುವ ಕಬ್ಬಿಣವನ್ನು ತುಕ್ಕಾಗಿಸಿ ಎಳೆಗಳಲ್ಲಿ ಕೂರಿಸುವುದರಿಂದ ಟವೆಲು ಮತ್ತಷ್ಟು ಹಳದಿಯಾಗುತ್ತದೆ. ಕೊಳೆಯ ಹಳದಿ ಒಂದೊಂದು ಕಡೆ ಇರುತ್ತದೆ, ಕಬ್ಬಿಣದ ಹಳದಿ ಸಾಮಾನ್ಯವಾಗಿ ಇಡೀ ಬಟ್ಟೆಗೆ ಸಮನಾಗಿ ಹಬ್ಬಿರುತ್ತದೆ. ಅನುಮಾನವಿದ್ದರೆ ಬಿಳಿ ಬಕೆಟಿನಲ್ಲಿ ರಾತ್ರಿಯಿಡೀ ನೀರು ಬಿಟ್ಟು ಬೆಳಿಗ್ಗೆ ತಳದಲ್ಲಿ ಕೆಂಪು ಗಷ್ಟು ಕೂತಿದೆಯೇ ಎಂದು ನೋಡಿದರಾಯಿತು. ಅಂಥ ಕಲೆಗೆ ಆಕ್ಸಾಲಿಕ್ ಆಮ್ಲವಿರುವ ತುಕ್ಕು ತೆಗೆಯುವ ದ್ರಾವಣ ಬೇಕು, ಬ್ಲೀಚ್ ಅಲ್ಲ. ಈ ಊರಿನ ಬಾವಿಯಲ್ಲಿ ಬಟ್ಟೆ ಒಗೆದು ಬೆಳೆದವರಿಗೆ ಇದರ ಅರ್ಧ ಮೊದಲೇ ಗೊತ್ತಿರುತ್ತದೆ, ಆದ್ದರಿಂದಲೇ ಸ್ಥಳೀಯ ಅನುಭವವನ್ನು ಜಾಹೀರಾತು ಬಾಯಿ ಬಿಟ್ಟು ಕೇಳಬೇಕು.

ಪಾಳಿಯ ಮಾತಿಗೆ ಬರೋಣ. ಆ ಹೋಟೆಲಿನಲ್ಲಿ ಬ್ರೇಕ್ ಶಿಫ್ಟ್ ಇತ್ತು. ಬೆಳಿಗ್ಗೆ ಏಳರಿಂದ ಹನ್ನೊಂದು, ಮತ್ತೆ ಸಂಜೆ ಐದರಿಂದ ಒಂಬತ್ತು. ಸೇರಿಸಿದರೆ ಎಂಟೇ ತಾಸು, ಹೆಚ್ಚೇನೂ ಕೇಳುತ್ತಿಲ್ಲವಲ್ಲ ಎಂದು ಮಾಲೀಕರು ಪ್ರಾಮಾಣಿಕವಾಗಿಯೇ ನಂಬಿದ್ದರು. ಆದರೆ ಹೋಟೆಲುಗಳಿಗೂ ಅನ್ವಯಿಸುವ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ತಾಸು, ವಾರಕ್ಕೆ 48 ತಾಸಿನ ಮಿತಿಯ ಜೊತೆಗೆ, ಕೆಲಸ ಶುರುವಾದಲ್ಲಿಂದ ಬಿಡುವೂ ಸೇರಿ ಮುಗಿಯುವವರೆಗಿನ ಒಟ್ಟು ಅವಧಿ 12 ತಾಸು ಮೀರಬಾರದು ಎನ್ನುತ್ತದೆ. ಏಳರಿಂದ ಒಂಬತ್ತರವರೆಗೆ 14 ತಾಸಾಯಿತು. ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ, ಮಾಜಾಳಿಯಿಂದ ಬರುವವಳು ಹನ್ನೊಂದಕ್ಕೆ ಮನೆಗೆ ಹೋಗಿ ಐದಕ್ಕೆ ಮರಳಿ ಬಂದು ರಾತ್ರಿ ಒಂಬತ್ತರ ನಂತರ ಬಸ್ಸಿಗೆ ಕಾಯುವುದೆಂದರೆ ದಿನಕ್ಕೆ ನಾಲ್ಕು ಬಸ್ ಪ್ರಯಾಣ. ಅದಕ್ಕಿಂತ ಮುಖ್ಯವಾಗಿ, ಭಾನುವಾರದ ಲೆಕ್ಕದಲ್ಲಿ ನೋಡಿದಂತೆ ಸೂಪರ್‌ವೈಸರ್ ಅತ್ಯಗತ್ಯವಾಗಿ ಇರಬೇಕಾದದ್ದು ಹನ್ನೊಂದರಿಂದ ಮೂರೂವರೆವರೆಗೆ. ಬ್ರೇಕ್ ಶಿಫ್ಟ್ ಆಕೆಯನ್ನು ಮನೆಗೆ ಕಳಿಸುವುದು ಸರಿಯಾಗಿ ಆ ಹೊತ್ತಿಗೆ.

ಹೀಗಾಗಿ ಪಾಳಿ ತಾನಾಗಿಯೇ ರೂಪುಗೊಂಡಿತು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಎಂಟರಿಂದ ಸಂಜೆ ಐದು, ಶನಿವಾರ ಮತ್ತು ಭಾನುವಾರ ಒಂಬತ್ತರಿಂದ ಆರು, ನಡುವೆ ಒಂದು ತಾಸು ಊಟ. ವಾರದ ರಜೆ ಮಂಗಳವಾರ, ಏಕೆಂದರೆ ಹೋಟೆಲ್ ಬಹುತೇಕ ಖಾಲಿಯಿರುವುದು ಅಂದು. ಸಂಜೆ ಟವೆಲು, ನೀರು ಕೊಡುವಂಥ ಕೆಲಸಕ್ಕೆ ಒಬ್ಬ ರೂಮ್ ಬಾಯ್ ಸಾಕು, ಅದಕ್ಕಾಗಿ ಸೂಪರ್‌ವೈಸರ್ ರಾತ್ರಿಯವರೆಗೆ ಉಳಿಯಬೇಕಿಲ್ಲ. ರಜೆಯ ವಿಷಯದಲ್ಲೂ ಮುಚ್ಚಿಡಬಾರದು. ಡಿಸೆಂಬರ್ ಕೊನೆಯ ವಾರ ಮತ್ತು ಹೊಸ ವರ್ಷದ ದಿನಗಳಲ್ಲಿ ರಜೆ ಸಿಗುವುದಿಲ್ಲ ಎಂದು ಮೊದಲೇ ಬರೆಯಬೇಕು. ಅದರ ಜೊತೆಗೆ ಚೌತಿಗೆ ರಜೆ ಖಂಡಿತ ಎಂದೂ ಬರೆಯಬೇಕು. ಚೌತಿ ಬರುವುದು ಮಳೆಗಾಲದ ಕೊನೆಯಲ್ಲಿ, ಪ್ರವಾಸಿಗರು ಕಡಿಮೆಯಿರುವಾಗ. ಹಬ್ಬಕ್ಕೆ ಮನೆಯಲ್ಲಿ ಇರಲೇಬೇಕಾದ ಹೆಂಗಸಿಗೆ ಆ ಒಂದು ಸಾಲು ಸಂಬಳದ ಅಂಕಿಯಷ್ಟೇ ತೂಕದ್ದು.

ಭಾಷೆಯ ಸಾಲಿನ ಬಗ್ಗೆ ನಮ್ಮಿಬ್ಬರಲ್ಲಿ ಹೆಚ್ಚು ಹೊತ್ತು ಮಾತಾಯಿತು. “ಇಂಗ್ಲಿಷ್ ಬಾರದಿದ್ದರೆ ಗೆಸ್ಟ್‌ಗಳ ಎದುರು ಹೇಗೆ ನಿಲ್ಲುತ್ತಾರೆ ಅಕ್ಕಾ?” ಎಂದು ಅವರು ಕೇಳಿದರು. ನಾನು ಅವರಿಗೆ ಹೇಳಿದ್ದು, ಆ ಭಾನುವಾರ ಸೂಪರ್‌ವೈಸರ್ ಯಾರ ಜೊತೆ ಯಾವ ಮಾತಾಡುತ್ತಾರೆ ಎಂಬುದನ್ನು ಬರೆಯಿರಿ ಎಂದು. ಬರೆಯುತ್ತಾ ಹೋದಂತೆ ಚಿತ್ರ ಬೇರೆಯೇ ಆಯಿತು.

ಕೋಣೆ ಶುಚಿ ಮಾಡುವ ಮೂವರಲ್ಲಿ ಇಬ್ಬರು ಸುತ್ತಮುತ್ತಲಿನ ಹೆಂಗಸರು, ಮನೆಮಾತು ಕೊಂಕಣಿ. ಅವರಿಗೆ ಕನ್ನಡ ಬರುತ್ತದೆ, ಆದರೆ ಅವಸರದಲ್ಲಿ, ಬೇಸರದಲ್ಲಿ, ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿಕೊಳ್ಳುವಾಗ ಬಾಯಿಗೆ ಬರುವುದು ಕೊಂಕಣಿಯೇ. ಮೂರನೆಯವನು ಒಡಿಶಾದ ಹುಡುಗ. ಅವನೊಂದಿಗೆ ಹಿಂದಿಯಲ್ಲೇ ಮಾತು. ಬಟ್ಟೆ ಒಯ್ಯುವ ಧೋಬಿ, ನಲ್ಲಿ ರಿಪೇರಿಯವನು, ಎ.ಸಿ. ಮೆಕ್ಯಾನಿಕ್ ಇವರೊಂದಿಗೆ ಕನ್ನಡ ಅಥವಾ ಕೊಂಕಣಿ. ಅತಿಥಿಗಳಲ್ಲಿ ಹುಬ್ಬಳ್ಳಿ ಕಡೆಯವರಿಗೆ ಕನ್ನಡ, ಗೋವಾದವರಿಗೆ ಕೊಂಕಣಿ, ನೌಕಾನೆಲೆಗೆ, ಕೈಗಾಕ್ಕೆ ಕೆಲಸದ ಮೇಲೆ ಬರುವ ಹೊರರಾಜ್ಯದವರಿಗೆ ಮತ್ತು ಅವರ ಕುಟುಂಬದವರಿಗೆ ಹಿಂದಿ. ಹಿಂದಿಯೂ ಕನ್ನಡವೂ ಕೊಂಕಣಿಯೂ ತಿಳಿಯದೆ ಇಂಗ್ಲಿಷ್ ಒಂದರಲ್ಲೇ ಮಾತಾಡಬೇಕಾದ ಅತಿಥಿ ಈ ಹೋಟೆಲಿಗೆ ಬರುವುದು ಅಪರೂಪ, ಬಂದರೂ ಅವರು ಮಾತಾಡುವುದು ರಿಸೆಪ್ಷನ್ನಿನಲ್ಲಿ. ಇದೇ ಹೋಟೆಲ್ ಗೋಕರ್ಣದಲ್ಲಿದ್ದಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು, ಅಲ್ಲಿ ವಿದೇಶಿ ಅತಿಥಿಗಳು ತಂಗುವುದರಿಂದ ಇಂಗ್ಲಿಷ್ ಮಾತು ನಿಜವಾದ ಅಗತ್ಯ. ಶಿರಸಿಯಲ್ಲಿದ್ದಿದ್ದರೆ ಕೊಂಕಣಿಗೆ ಇಷ್ಟು ಒತ್ತು ಬೇಕಾಗುತ್ತಿರಲಿಲ್ಲ. ಭಾಷೆಯ ಸಾಲನ್ನು ಊರು ನೋಡಿ ಬರೆಯಬೇಕು ಎಂದು ನಾನು ಹೇಳುವುದು ಇದಕ್ಕೆ.

ಹಾಗೆಂದು ಇಂಗ್ಲಿಷ್ ಬೇಡವೇ ಬೇಡ ಎಂದು ಹೇಳಿದರೆ ಅದೂ ತಪ್ಪಾದೀತು. ಈ ಕೆಲಸಕ್ಕೆ ಬೇಕಾದದ್ದು ಓದುವ ಇಂಗ್ಲಿಷ್, ಅದೂ ಸೀಮಿತವಾದದ್ದು. ಕೋಣೆಗಳ ಪಟ್ಟಿಯಲ್ಲಿ VD, VC, DND, OOO ಎಂಬ ಗುರುತುಗಳಿರುತ್ತವೆ. ಕೊನೆಯೆರಡರಲ್ಲಿ ಮೊದಲನೆಯದು ಅತಿಥಿ ತೊಂದರೆ ಕೊಡಬೇಡಿ ಎಂದ ಕೋಣೆ, ಎರಡನೆಯದು ರಿಪೇರಿಗಾಗಿ ಮುಚ್ಚಿದ ಕೋಣೆ. ಈ ಗುರುತುಗಳನ್ನು ಕಲಿಸಲು ಒಂದು ದಿನ ಸಾಕು. ನಿಜವಾಗಿ ಓದಲು ಬರಲೇಬೇಕಾದದ್ದು ರಾಸಾಯನಿಕದ ಡಬ್ಬಿಯ ಮೇಲಿನ ಚೀಟಿ. ನಮ್ಮ ಹೋಟೆಲುಗಳಲ್ಲಿ ಆರ್ 1, ಆರ್ 2 ಎಂದು ಅಂಕಿಯಿಂದಲೇ ಕರೆಯುವ ದ್ರಾವಣಗಳು ರೂಢಿಯಲ್ಲಿವೆ. ಆರ್ 1 ಬಚ್ಚಲಿಗೆ, ಆರ್ 2 ನೆಲಕ್ಕೆ ಮತ್ತು ಇತರ ಗಟ್ಟಿ ಮೇಲ್ಮೈಗೆ, ಆರ್ 3 ಗಾಜಿಗೆ, ಆರ್ 6 ಕಮೋಡಿಗೆ. ಈ ಆರ್ 6 ಆಮ್ಲ. ಬ್ಲೀಚಿಂಗ್ ಪೌಡರ್ ಹಾಕಿದ ಕಮೋಡಿಗೆ ಅದನ್ನೂ ಸುರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮಳೆಯೆಂದು ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಉಸಿರು ಕಟ್ಟಿಸುವಷ್ಟು ಅಪಾಯಕಾರಿ. ಕಣ್ಣು ಉರಿ, ಗಂಟಲು ಕೆರೆತ, ಕೆಮ್ಮು ಶುರುವಾದರೆ ಕೆಲಸಗಾರರನ್ನು ಕೂಡಲೇ ಹೊರಗೆ ಕರೆಯಬೇಕು, ಬಾಗಿಲು ತೆರೆದಿಡಬೇಕು, ನೀರು ಸುರಿಯಲು ಯಾರೂ ಮತ್ತೆ ಒಳಗೆ ಹೋಗಬಾರದು. ಅದೇ ಆರ್ 6 ನಲ್ಲಿಯ ಹೊಳಪನ್ನೂ ಅಮೃತಶಿಲೆಯ ನೆಲವನ್ನೂ ತಿನ್ನುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಚೀಟಿ ಇರುವುದು ಇಂಗ್ಲಿಷಿನಲ್ಲಿ, ಅಪಾಯಕ್ಕೆ ಒಡ್ಡಿಕೊಂಡಿರುವವರು ಕೊಂಕಣಿಯ ಹೆಂಗಸರು ಮತ್ತು ಒಡಿಶಾದ ಹುಡುಗ. ಓದಿದ್ದನ್ನು ಅವರವರ ಮಾತಿಗೆ ದಾಟಿಸಿ, ಅವರಿಗೆ ಅರ್ಥವಾಯಿತೇ ಎಂದು ಖಚಿತಪಡಿಸಿಕೊಳ್ಳುವ ಶಕ್ತಿಯೇ ಈ ಹುದ್ದೆಯ ಭಾಷಾ ಅರ್ಹತೆ. ಇಂಗ್ಲಿಷ್ ನಿರರ್ಗಳವಾಗಿ ಮಾತಾಡಿ ಕೊಂಕಣಿ, ಹಿಂದಿ ಎರಡೂ ಬಾರದ ಅಭ್ಯರ್ಥಿ ಇಲ್ಲಿ ಅರ್ಹನಲ್ಲ. ಚೀಟಿಯನ್ನು ಅಕ್ಷರ ಕೂಡಿಸಿ ಓದಿ ಮೂರು ಭಾಷೆಯಲ್ಲಿ ಹೇಳಬಲ್ಲ ಹೆಂಗಸು ಅರ್ಹಳು.

ಬರವಣಿಗೆಯೂ ಬೇಕು, ಆದರೆ ಅದು ಕನ್ನಡದಲ್ಲಿದ್ದರೆ ಯಾರಿಗೂ ನಷ್ಟವಿಲ್ಲ. ಅತಿಥಿ ಬಿಟ್ಟುಹೋದ ವಸ್ತುಗಳ ಪುಸ್ತಕದಲ್ಲಿ ದಿನಾಂಕ, ಕೋಣೆ ಸಂಖ್ಯೆ, ವಸ್ತು, ಸಿಕ್ಕ ಜಾಗ, ಯಾರಿಗೆ ಸಿಕ್ಕಿತು ಎಂಬುದನ್ನು ಅದೇ ಗಳಿಗೆಯಲ್ಲಿ ಬರೆಯಬೇಕು. ಕಿವಿಯೋಲೆಯೊಂದು ಕಾಣೆಯಾಗಿ ಕೆಲಸದವರ ಮೇಲೆ ಅನುಮಾನ ಬಿದ್ದಾಗ ಅವರನ್ನು ಕಾಪಾಡುವುದು ಆ ಒಂದು ಸಾಲು. ಬರೆಯುವವರು ತಡವರಿಸದ ಭಾಷೆಯಲ್ಲಿ ಬರೆಯಲು ಬಿಟ್ಟರೆ ಮಾತ್ರ ಅದು ಅದೇ ಗಳಿಗೆಯಲ್ಲಿ ಬರೆಯಲ್ಪಡುತ್ತದೆ. ರಿಪೇರಿಯ ಪುಸ್ತಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇದನ್ನು ಮಾಲೀಕರು ಸುಲಭವಾಗಿ ಒಪ್ಪಿದರು, ಏಕೆಂದರೆ ಆ ಪುಸ್ತಕಗಳನ್ನು ಓದುವವರು ಅವರೇ.

ಇಷ್ಟಾದ ಮೇಲೆ ನಾವು ಬರೆದ ಜಾಹೀರಾತು ಹೀಗಿದೆ.

“ಕಾರವಾರದಲ್ಲಿರುವ 36 ಕೋಣೆಗಳ ಹೋಟೆಲಿಗೆ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಬೇಕಾಗಿದ್ದಾರೆ. ಮಹಿಳೆಯರೂ ಪುರುಷರೂ ಅರ್ಜಿ ಹಾಕಬಹುದು. ಹೋಟೆಲ್, ಆಸ್ಪತ್ರೆ ಅಥವಾ ವಸತಿಗೃಹದಲ್ಲಿ ಕೋಣೆ ಶುಚಿ ಮಾಡುವ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. ಸೂಪರ್‌ವೈಸರ್ ಆಗಿ ಅನುಭವ ಇಲ್ಲದಿದ್ದರೂ ನಡೆಯುತ್ತದೆ, ಪದವಿ ಅಥವಾ ಡಿಪ್ಲೊಮಾ ಕಡ್ಡಾಯವಲ್ಲ.

“ಮೂವರು ಕೆಲಸಗಾರರಿಗೆ ದಿನದ ಕೋಣೆಗಳನ್ನು ಹಂಚುವುದು, ಸಿದ್ಧವಾದ ಪ್ರತಿ ಕೋಣೆಯನ್ನು ತಪಾಸಣೆ ಮಾಡಿ ರಿಸೆಪ್ಷನ್ನಿಗೆ ತಿಳಿಸುವುದು, ಬಟ್ಟೆ ಮತ್ತು ಶುಚಿ ಸಾಮಗ್ರಿಗಳ ಲೆಕ್ಕ ಇಡುವುದು, ಧೋಬಿಯಿಂದ ಬಂದ ಬಟ್ಟೆ ಒಣಗಿದೆಯೇ ಎಂದು ನೋಡಿ ತೆಗೆದುಕೊಳ್ಳುವುದು, ರಿಪೇರಿ ಮತ್ತು ಮರೆತುಹೋದ ವಸ್ತುಗಳ ಪುಸ್ತಕ ಬರೆಯುವುದು ಇವು ಮುಖ್ಯ ಕೆಲಸಗಳು. ಒಬ್ಬ ಕೆಲಸಗಾರರು ಬಾರದ ದಿನ ಹೆಚ್ಚೆಂದರೆ ಎರಡು ಕೋಣೆಗಳನ್ನು ಸ್ವತಃ ಸಿದ್ಧಗೊಳಿಸಬೇಕಾಗುತ್ತದೆ.

“ಕೆಲಸದ ಹೊತ್ತು ವಾರದ ದಿನಗಳಲ್ಲಿ ಬೆಳಿಗ್ಗೆ 8ರಿಂದ ಸಂಜೆ 5, ಶನಿವಾರ ಮತ್ತು ಭಾನುವಾರ 9ರಿಂದ 6, ಒಂದು ತಾಸು ಊಟದ ಬಿಡುವಿನೊಂದಿಗೆ. ಬ್ರೇಕ್ ಶಿಫ್ಟ್ ಮತ್ತು ರಾತ್ರಿ ಪಾಳಿ ಇಲ್ಲ. ಮಂಗಳವಾರ ರಜೆ. ಚೌತಿಗೆ ರಜೆ ಇದೆ; ಡಿಸೆಂಬರ್ ಕೊನೆಯ ವಾರದಿಂದ ಹೊಸ ವರ್ಷದವರೆಗೆ ರಜೆ ಇರುವುದಿಲ್ಲ. ಹೆಚ್ಚುವರಿ ತಾಸಿಗೆ ಎರಡು ಪಟ್ಟು ಕೂಲಿ.

“ಕನ್ನಡ ಮಾತಾಡಲು ಮತ್ತು ಬರೆಯಲು ಬರಬೇಕು. ಕೊಂಕಣಿ ಮತ್ತು ಹಿಂದಿ ಮಾತಾಡಲು ಬರಬೇಕು, ಬರೆಯಬೇಕಿಲ್ಲ. ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನು ಓದಲು ಬಂದರೆ ಸಾಕು. ಡಬ್ಬಿಗಳ ಮೇಲಿನ ಸೂಚನೆ ಮತ್ತು ಕೋಣೆ ಪಟ್ಟಿಯ ಗುರುತುಗಳನ್ನು ನಾವೇ ಕಲಿಸುತ್ತೇವೆ.”

ಇದರ ಕೆಳಗೆ ಸಂಬಳವನ್ನು ಅಂಕಿಯಲ್ಲಿ ಬರೆಯಿರಿ ಎಂದು ನಾನು ಒತ್ತಾಯಿಸಿದೆ. ಪಕ್ಕದ ಹೋಟೆಲಿನವರಿಗೆ ಗೊತ್ತಾಗುತ್ತದೆ ಎಂಬ ಅಳುಕು ಅವರಿಗಿತ್ತು. ಆದರೆ ಆಕರ್ಷಕ ಸಂಬಳ ಎಂಬ ಮಾತನ್ನು ನಂಬಿ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಹಣ ಕೊಟ್ಟು ಸಂದರ್ಶನಕ್ಕೆ ಬರುವ ಸ್ಥಿತಿ ನಮಗೆ ಬೇಕಾದ ಅಭ್ಯರ್ಥಿಗಳಿಗೆ ಇರುವುದಿಲ್ಲ. ಕೊನೆಗೆ ಅಂಕಿ ಬರೆದರು.

ಸಂದರ್ಶನವನ್ನು ಕಚೇರಿಯಲ್ಲಿ ಕೂರಿಸಿ ಮಾಡುವುದು ಬೇಡ ಎಂದೂ ನಿರ್ಧಾರವಾಯಿತು. ಒಂದು ಕೋಣೆಯನ್ನು ಸಿದ್ಧಗೊಳಿಸಿ, ಅದರಲ್ಲಿ ಬೇಕೆಂದೇ ಕೆಲವು ಲೋಪ ಬಿಡುವುದು: ಕಾಲ್ದೆಸೆಯಲ್ಲಿ ಚಿಟಿಕೆ ಮರಳು, ಅಂಚು ಒದ್ದೆಯಿರುವ ಟವೆಲು, ಬ್ಯಾಟರಿ ಇಲ್ಲದ ರಿಮೋಟ್, ಫ್ಯಾನಿನ ರೆಕ್ಕೆಯ ಮೇಲೆ ಧೂಳು. ಅಭ್ಯರ್ಥಿ ಆರು ನಿಮಿಷದಲ್ಲಿ ಏನೇನು ಕಂಡರು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಬೇಕು. ಆಮೇಲೆ ಆರ್ 6 ಡಬ್ಬಿಯನ್ನು ಕೈಗೆ ಕೊಟ್ಟು, ಅದನ್ನು ಯಾವುದರ ಜೊತೆ ಬೆರೆಸಬಾರದು ಎಂಬುದನ್ನು ಮಾಲೀಕರು ಒಮ್ಮೆ ತಿಳಿಸಿ, ಅದನ್ನು ಒಡಿಶಾದ ಹುಡುಗನಿಗೆ ಹಿಂದಿಯಲ್ಲಿಯೂ ಕೆಲಸದ ಹೆಂಗಸೊಬ್ಬರಿಗೆ ಕೊಂಕಣಿಯಲ್ಲಿಯೂ ವಿವರಿಸಲು ಹೇಳಬೇಕು. ಅವರಿಬ್ಬರು ತಮಗೆ ಅರ್ಥವಾದದ್ದನ್ನು ತಿರುಗಿ ಹೇಳಿದರೆ ಭಾಷೆಯ ಪರೀಕ್ಷೆ ಮುಗಿಯಿತು. ಸಂದರ್ಶನದ ಹೊತ್ತನ್ನು ಸಂಜೆ ನಾಲ್ಕೂವರೆಯಿಂದ ಆರೂವರೆಗೆ ಇಟ್ಟಿದ್ದೇವೆ, ಏಕೆಂದರೆ ಈಗ ಬೇರೆ ಹೋಟೆಲುಗಳಲ್ಲಿ ಬೆಳಗಿನ ಪಾಳಿಯಲ್ಲಿರುವವರು ಕೆಲಸ ಬಿಡುವುದು ನಾಲ್ಕಕ್ಕೆ, ಮತ್ತು ಅಷ್ಟು ಹೊತ್ತಿಗೆ ಬಂದವರಿಗೆ ಸದಾಶಿವಗಡದ ಕಡೆಗೂ ಅಂಕೋಲೆಯ ಕಡೆಗೂ ಮರಳಲು ಬಸ್ಸುಗಳು ಇನ್ನೂ ಇರುತ್ತವೆ.